‘ಎಪ್ಪತ್ತರ ದಶಕದ ಅಪ್ರಕಟಿತ ಹಾಡು’ ಎಂದು ಮಾರುವವರ ಬಗ್ಗೆ ಎಚ್ಚರವಿರಲಿ

ಹಳೆಯ ಧ್ವನಿಮುದ್ರಣಗಳನ್ನು ಸಂಗ್ರಹಿಸುವ ನನ್ನ ಸ್ನೇಹಿತರೊಬ್ಬರು, ಹಾಡಿದವರ ಹೆಸರಾಗಲಿ ವರ್ಷವಾಗಲಿ ಇಲ್ಲದ ಹಾಡೊಂದರ ಡಿಜಿಟಲ್ ಪ್ರತಿಯನ್ನು ಅಪರಿಚಿತ ಮಾರಾಟಗಾರರೊಬ್ಬರಿಂದ ದುಬಾರಿ ಬೆಲೆಗೆ ಕೊಂಡರು. ಅದು 1975ರ ಸುಮಾರಿಗೆ ಒಂದೇ ಪ್ರತಿಯಾಗಿ ಉಳಿದ ರೆಕಾರ್ಡಿನಿಂದ ಇಳಿಸಿಕೊಂಡದ್ದೆಂದು ಮಾರಾಟಗಾರರು ಹೇಳಿದ್ದರು. ಸೂಜಿಯ ಚಟಪಟ ಸದ್ದು, ಮಂಕಾದ ಧ್ವನಿ, ಎಲೆಕ್ಟ್ರಿಕ್ ಪಿಯಾನೋದ ಮೃದುವಾದ ನುಡಿಸಾಣಿಕೆ ಎಲ್ಲವೂ ಆ ಮಾತಿಗೆ ಒಪ್ಪುವಂತೆಯೇ ಕೇಳುತ್ತಿದ್ದವು. ಇನ್ನೂ ಹೆಚ್ಚಿನ ಹಣಕ್ಕೆ ಅದೇ ‘ಸಂಗ್ರಹದ’ ಬೇರೆ ಹಾಡುಗಳನ್ನು ಕೊಳ್ಳುವ ಮೊದಲು ಅವರು ಕಡತವನ್ನು ನನಗೆ ಕಳುಹಿಸಿದರು.

ಮೊದಲು ಪರೀಕ್ಷಿಸಿದ್ದು ಚಟಪಟ ಸದ್ದನ್ನು. ನಿಮಿಷಕ್ಕೆ 33⅓ ಸುತ್ತು ತಿರುಗುವ ರೆಕಾರ್ಡಿನ ಒಂದು ಸುತ್ತಿಗೆ 1.8 ಸೆಕೆಂಡ್ ಬೇಕು. 45 ಸುತ್ತಿನದಕ್ಕೆ ಸುಮಾರು 1.33 ಸೆಕೆಂಡ್. ಆದ್ದರಿಂದ ನಿಜವಾದ ಗೀರೊಂದು ಇದ್ದರೆ ಅದರ ಟಿಕ್ ಸದ್ದು ಈ ಅಂತರದಲ್ಲಿ ಕೆಲವು ಸುತ್ತು ಮರುಕಳಿಸಿ, ಸೂಜಿ ಒಳಗೆ ಸರಿದಂತೆ ಬದಲಾಗಿ ಮರೆಯಾಗುತ್ತದೆ. ದೂಳಿನ ಸದ್ದುಗಳಿಗಂತೂ ಯಾವ ಕ್ರಮವೂ ಇರುವುದಿಲ್ಲ. ಈ ಕಡತವನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ನೋಡಿದಾಗ, ಹಾಡಿನ ಮೊದಲ ಸ್ವರಕ್ಕೂ ಮುಂಚಿನ ನಿಶ್ಶಬ್ದ ಭಾಗದಲ್ಲಿ ಮತ್ತು ಕೊನೆಯಲ್ಲಿ ಸ್ವರ ಆರಿದ ಮೇಲಿನ ಭಾಗದಲ್ಲಿ, ಸುಮಾರು ಏಳು ಸೆಕೆಂಡಿನ ಒಂದೇ ಸದ್ದಿನ ತುಂಡು, ಅದರ ಅತಿ ಸಣ್ಣ ಟಿಕ್ ಕೂಡ ಸ್ಥಾನ ತಪ್ಪದಂತೆ, ಮತ್ತೆ ಮತ್ತೆ ಬರುತ್ತಿತ್ತು. ಯಾವ ರೆಕಾರ್ಡೂ ಹೀಗೆ ಸದ್ದು ಮಾಡುವುದಿಲ್ಲ. ಯಾರೋ ಸಿದ್ಧ ಸದ್ದನ್ನು ತಂದು ಹಾಡಿನ ಮೇಲೆ ಹಾಸಿದ್ದರು.

ಆದರೆ ಸದ್ದು ನಕಲಿ ಎಂದಾಕ್ಷಣ ಹಾಡು ಹೊಸದೆಂದು ಸಾಬೀತಾಗುವುದಿಲ್ಲ. ನಿಜವಾಗಿಯೂ ಹಳೆಯದಾದ ಹಾಡಿಗೂ ಇಂಥ ಅಲಂಕಾರ ಮಾಡುವವರಿದ್ದಾರೆ. ಕಾಲವನ್ನು ಹೇಳಿದ್ದು ಪಿಯಾನೋ. ಎಪ್ಪತ್ತರ ದಶಕದಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ರೋಡ್ಸ್ ಪಿಯಾನೋದಲ್ಲಿ ಸುತ್ತಿಗೆಗಳು ಲೋಹದ ಕಡ್ಡಿಗಳನ್ನು ಬಡಿಯುತ್ತವೆ. ಜೋರಾಗಿ ಒತ್ತಿದರೆ ಅದರ ಧ್ವನಿ ಒರಟಾಗಿ ಒಡೆಯುತ್ತದೆ, ಮತ್ತು ಒಂದು ಕೀಲಿಯ ಗುಣ ಪಕ್ಕದ ಕೀಲಿಗಿಂತ ತುಸು ಭಿನ್ನವಾಗಿರುತ್ತದೆ. ಇಲ್ಲಿನ ಪಿಯಾನೋ ಜೋರಾಗಿ ನುಡಿಸಿದ ಕಡೆ ಒಡೆಯುವ ಬದಲು ಗಾಜಿನ ಗಂಟೆಯಂತೆ ಮಿಂಚುತ್ತಿತ್ತು, ಎಲ್ಲ ಕೀಲಿಗಳಲ್ಲೂ ಒಂದೇ ಸಮನಾಗಿ. ಅದು ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಜರ್‌ನಲ್ಲಿ ತಯಾರಾಗಿಯೇ ಬರುತ್ತಿದ್ದ ಎಲೆಕ್ಟ್ರಿಕ್ ಪಿಯಾನೋ ಧ್ವನಿ, ಮತ್ತು ಆ ವಾದ್ಯ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಪಿಯಾನೋವನ್ನು ಆಮೇಲೆ ಸೇರಿಸಿರಬಹುದಲ್ಲವೇ ಎಂದು ಮಾರಾಟಗಾರರು ವಾದಿಸಿದರು. ಆದರೆ ಗಾಯಕಿಯ ಸಾಲುಗಳ ನಡುವೆ ಪಿಯಾನೋದ ಉತ್ತರಕ್ಕೆಂದೇ ಜಾಗ ಬಿಡಲಾಗಿತ್ತು. ಅದನ್ನು ತೆಗೆದರೆ ಹಾಡಿನ ಅರ್ಧ ಭಾಗ ಖಾಲಿಯಾಗುತ್ತದೆ.

ಇಲ್ಲಿ ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಲೇಬೇಕು, ಏಕೆಂದರೆ ಹುಡುಕಾಟ ನಡೆಸುವವರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ವಾದ್ಯವು ‘ಇದಕ್ಕಿಂತ ಮೊದಲಲ್ಲ’ ಎಂದು ಹೇಳುತ್ತದೆಯೇ ಹೊರತು ‘ಇದರ ನಂತರವಲ್ಲ’ ಎಂದು ಎಂದಿಗೂ ಹೇಳುವುದಿಲ್ಲ. ಡಿಎಕ್ಸ್7ರ ಧ್ವನಿ ಅನಂತರದ ಅನೇಕ ಕೀಬೋರ್ಡ್‌ಗಳಲ್ಲಿಯೂ ಇಂದಿನ ಸಾಫ್ಟ್‌ವೇರ್‌ಗಳಲ್ಲಿಯೂ ಇದೆ. ಹಾಗಾಗಿ ಈ ಹಾಡು 1984ರದ್ದೂ ಆಗಿರಬಹುದು, ಕಳೆದ ವರ್ಷದ್ದೂ ಆಗಿರಬಹುದು. ‘ಇದರ ನಂತರವಲ್ಲ’ ಎಂಬ ಮಿತಿ ಸಿಗಬೇಕಾದರೆ ಧ್ವನಿಯ ಹೊರಗಿನ ಸಾಕ್ಷ್ಯವೇ ಬೇಕು: ಅದೇ ಟೇಪಿನಲ್ಲಿ ಉಳಿದಿರುವ ರೇಡಿಯೊ ಸುದ್ದಿ, ಡಬ್ಬಿಯ ಮೇಲಿನ ಬರಹ, ದಿನಾಂಕವಿರುವ ಪತ್ರಿಕಾ ಪ್ರಕಟಣೆ.

ಮಂಕು ಧ್ವನಿಯನ್ನಂತೂ ವಯಸ್ಸಿನ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ. ಧ್ವನಿಯಲ್ಲಿರುವ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್‌ನಲ್ಲಿ ಈ ಕಡತದ ಧ್ವನಿ 16 ಕಿಲೋಹರ್ಟ್ಸ್ ಬಳಿ ಕತ್ತರಿಸಿದಂತೆ ನಿಂತಿತ್ತು. ಸೆಕೆಂಡಿಗೆ 128 ಕಿಲೋಬಿಟ್‌ಗೆ ಸಂಕುಚಿತಗೊಳಿಸಿದ ಎಂಪಿ3 ಕಡತಗಳಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಅದು. ಎಫ್‌ಎಂ ಪ್ರಸಾರದಿಂದ ಹಿಡಿದಿಟ್ಟದ್ದಾದರೆ ಮಿತಿ 15 ಕಿಲೋಹರ್ಟ್ಸ್ ಸುಮಾರಿಗಿರುತ್ತದೆ. ಇವೆರಡೂ ಪ್ರತಿ ನಡೆದುಬಂದ ದಾರಿಯನ್ನು ತೋರಿಸುತ್ತವೆ, ಹಾಡು ಹುಟ್ಟಿದ ವರ್ಷವನ್ನಲ್ಲ. ಅಂದಹಾಗೆ, ರೆಕಾರ್ಡಿನಿಂದ ನೇರವಾಗಿ ಇಳಿಸಿದ್ದೆಂದು ಮಾರುವವರ ಬಳಿ ಎಂಪಿ3 ಮಾತ್ರ ಏಕಿದೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು.

ಇಂಥ ಹಾಡನ್ನು ಯಾರಾದರೂ ನಿಮಗೆ ಮಾರಲು ಬಂದರೆ, ಹಣ ಕೊಡುವ ಮೊದಲು ಸಂಕುಚಿತಗೊಳಿಸದ ವೇವ್ ಕಡತವನ್ನು ಕೇಳಿ. ಹಾಡಿನ ಹಿಂದುಮುಂದಿನ ನಿಶ್ಶಬ್ದ ಭಾಗ ಕತ್ತರಿಸದೆ ಇರಬೇಕು. ರೆಕಾರ್ಡಿನ ಲೇಬಲ್ ಮತ್ತು ಒಳಅಂಚಿನಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ಸಂಖ್ಯೆ ಎಂಬ ತಯಾರಿಕೆಯ ಗುರುತಿನ ಚಿತ್ರವನ್ನೂ ಕೇಳಿ. ನನ್ನ ಸ್ನೇಹಿತರು ಈ ಚಿತ್ರವನ್ನು ಕೇಳಿದ ಮೇಲೆ ಮಾರಾಟಗಾರರು ಉತ್ತರಿಸುವುದನ್ನೇ ನಿಲ್ಲಿಸಿದರು, ಹಣವೂ ಹಿಂದಿರುಗಲಿಲ್ಲ.