ದೀಕ್ಷೆಯ ಹೆಸರು: ಸತ್ಸಂಗಕ್ಕಷ್ಟೇ ಸಾಕಾ, ಆಧಾರ್‌ನಲ್ಲೂ ಬೇಕಾ?

ಮದ್ದೂರಿನ ಕಡೆಯ ಜಗದೀಶ, ಇಸ್ಕಾನ್ ದೀಕ್ಷೆಯಲ್ಲಿ ಜಗನ್ನಾಥ ದಾಸ ಆದರು ಅಂದುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಹುಟ್ಟುಹೆಸರಿನ ಮೊದಲ ಅಕ್ಷರವನ್ನೇ ಉಳಿಸಿಕೊಂಡು ಹೆಸರು ಕೊಡುತ್ತಾರೆ, ಹಾಗಾಗಿ ‘ಜಗ್ಗಣ್ಣ’ ಅಂತ ಕರೆಯೋರಿಗೆ ಏನೂ ತೊಂದರೆಯಿಲ್ಲ.

ಖರ್ಚು ನೋಡಿದರೆ, ಹೊಸ ಹೆಸರನ್ನು ಮಂದಿರ, ಗೆಳೆಯರು, ವಾಟ್ಸಾಪ್‌ಗೆ ಇಟ್ಟುಕೊಂಡರೆ ಒಂದು ಪೈಸೆಯೂ ಇಲ್ಲ. ಕಾಗದದಲ್ಲೂ ಬದಲಿಸೋದಾದರೆ ನೋಟರಿ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಅಂತ ಓಡಾಟ ಜಾಸ್ತಿ. ಆಧಾರ್‌ನಲ್ಲಿ ಪೂರ್ತಿ ಹೆಸರು ಬದಲಿಸಲು ಗೆಜೆಟ್ ಕೇಳುತ್ತಾರೆ, ಹೆಸರು ತಿದ್ದಲು ಮಾಮೂಲಾಗಿ ಅವಕಾಶ ಜೀವನದಲ್ಲಿ 2 ಸಲ ಮಾತ್ರ.

ನಿಜವಾದ ತಲೆನೋವು ಆಮೇಲೆ. ಆಧಾರ್‌ನಲ್ಲಿ ಜಗನ್ನಾಥ ದಾಸ, ಪಹಣಿಯಲ್ಲಿ ಜಗದೀಶ ಬಿನ್ ಇಂಥವರು, ಮಾರ್ಕ್ಸ್ ಕಾರ್ಡ್‌ನಲ್ಲೂ ಜಗದೀಶ: ಬೆಳೆಸಾಲಕ್ಕೆ ಹೋದಾಗ ಇಬ್ಬರೂ ಒಬ್ಬರೇ ಅಂತ ಪ್ರತಿ ಸಲ ತೋರಿಸಬೇಕು. ಜಮೀನು, ಪಿಂಚಣಿ ಇರೋರು ಹುಟ್ಟುಹೆಸರಲ್ಲೇ ಸಹಿ ಹಾಕೋದು ವಾಸಿ, ಗುರುಗಳು ಬೇರೆ ಹೇಳದಿದ್ದರೆ. ಮೈಸೂರಿನಲ್ಲಿ ಪ್ರವಚನ, ಪುಸ್ತಕ ಅಂತ ಹೊಸ ಹೆಸರಲ್ಲೇ ಗುರುತಾಗಿದ್ದರೆ ಎರಡನ್ನೂ ಬರೆಯಿರಿ, ‘ಜಗನ್ನಾಥ ದಾಸ (ಜಗದೀಶ)’ ಅಂತ, ಆದರೆ ಗೌರವಧನದ ಚೆಕ್ ಮಾತ್ರ ಬ್ಯಾಂಕ್ ಖಾತೆಯ ಹೆಸರಿಗೇ ಬರಲಿ. ಇನ್ನೂ ಆಸ್ತಿಪಾಸ್ತಿ ಇಲ್ಲದ, ಆಶ್ರಮದಲ್ಲೇ ಉಳಿಯೋ ಹುಡುಗರಿಗೆ ಗೆಜೆಟ್ ಹಾದಿ ಅಷ್ಟು ಭಾರವಲ್ಲ.

ಅವ್ವ ಮಾತ್ರ ಹಳೇ ಹೆಸರಲ್ಲೇ ಕೂಗ್ತಾರೆ, ಅದನ್ನ ತಿದ್ದೋಕೆ ಹೋಗಬೇಡಿ.