ಅಮ್ಮನ ಕಣ್ಣು ತೆರೆಸಿದ ಗಿಂಪ್: ಮೂರು ವರ್ಷದ ಬಳಕೆಯ ನಂತರ

ಅಪ್ಪನ ಅರವತ್ತರ ಶಾಂತಿ ಮುಗಿಸಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ಹದಿನೇಳು ಜನ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡೆವು. ಧಾರವಾಡದಿಂದ ಬಂದವರೂ ಇದ್ದರು. ಎಲ್ಲರೂ ಚೆನ್ನಾಗಿ ಬಂದಿದ್ದ ಒಂದೇ ಒಂದು ಫೋಟೋದಲ್ಲಿ ಅಮ್ಮನ ಕಣ್ಣು ಮುಚ್ಚಿತ್ತು. ಅದರ ಮುಂದಿನದರಲ್ಲಿ ಅಮ್ಮ ನಗುತ್ತಿದ್ದಾರೆ, ಆದರೆ ಚಿಕ್ಕಪ್ಪ ಆಗಲೇ ಊಟಕ್ಕೆ ಹೊರಟಿದ್ದಾರೆ. ಎರಡನೆಯದರ ಮುಖ ತೆಗೆದು ಮೊದಲನೆಯದಕ್ಕೆ ಕೂರಿಸಲು ಸ್ಟುಡಿಯೋದವರು 500 ರೂಪಾಯಿ ಹೇಳಿದರು. ನನ್ನ ಹತ್ತಿರ ಲಿನಕ್ಸ್ ಮಿಂಟ್ ಹಾಕಿದ 4 ಜಿಬಿ ರ‍್ಯಾಮಿನ ಹಳೆ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್ ಇತ್ತು. ಮೂರು ವರ್ಷದಿಂದ ಬಳಸುತ್ತಿದ್ದೇನೆ, ಒಂದು ರೂಪಾಯಿ ಖರ್ಚಾಗಿಲ್ಲ. ಪೆನ್ ಟ್ಯಾಬ್ಲೆಟ್ ಕೂಡ ಇಲ್ಲ, ಬರೀ ಮೌಸ್.

ರಾತ್ರಿ ಊಟ ಆದಮೇಲೆ ಕೂರುತ್ತೇನೆ. ಮೊದಲು ಫೋನಿನಿಂದ ಕೇಬಲ್ ಹಾಕಿ ಫೋಟೋ ಇಳಿಸಿಕೊಳ್ಳುತ್ತೇನೆ. ವಾಟ್ಸ್ಯಾಪಿನಲ್ಲಿ ಬಂದದ್ದು ಒತ್ತಿ ಸಣ್ಣದಾಗಿರುತ್ತದೆ, ಆ ಮುಖವನ್ನು ಒಳ್ಳೆ ಫೋಟೋದ ಮೇಲೆ ಕೂರಿಸಿದರೆ ಮಬ್ಬು ಎದ್ದು ಕಾಣುತ್ತದೆ. ಆಮೇಲೆ ಟ್ಯೂಬ್‌ಲೈಟ್ ಆರಿಸುತ್ತೇನೆ. ಸ್ಕ್ರೀನ್ ಮೇಲೆ ಬೆಳಕು ಬಿದ್ದರೆ ಚರ್ಮದ ಬಣ್ಣ ಅಳೆಯೋದು ಕಷ್ಟ.

ಅಮ್ಮನ ಫೋಟೋಗೆ ಮುಖ ಕತ್ತರಿಸುವ ಕೆಲಸವೇ ಬೇಕಾಗಲಿಲ್ಲ. ಒಳ್ಳೆ ಫೋಟೋ ತೆರೆದು, ನಗುವ ಅಮ್ಮನ ಫೋಟೋವನ್ನು `Open as Layers` ಮೂಲಕ ಅದರ ಮೇಲೆ ತಂದೆ. ಮೇಲಿನ ಪದರ, ಅಂದರೆ ಲೇಯರಿನ `Opacity` 50ಕ್ಕೆ ಇಳಿಸಿದರೆ ಎರಡೂ ಮುಖ ಒಂದರೊಳಗೊಂದು ಕಾಣುತ್ತವೆ. ಸಾಮಾನ್ಯವಾಗಿ ಕಣ್ಣಿಗೆ ಕಣ್ಣು ಹೊಂದಿಸಬೇಕು ಅಂತಾರೆ. ಕೆಳಗಿನ ಮುಖದಲ್ಲಿ ಕಣ್ಣೇ ಮುಚ್ಚಿತ್ತಲ್ಲ, ಅದಕ್ಕೆ ಅಮ್ಮನ ಕುಂಕುಮ ಮತ್ತು ಮೂಗುತಿಯನ್ನು ಗುರುತಾಗಿ ಇಟ್ಟುಕೊಂಡೆ. `Shift+T` ಒತ್ತಿ ಮೇಲಿನದನ್ನು ಸ್ವಲ್ಪ ಚಿಕ್ಕದು ಮಾಡಿ, ಎಡಕ್ಕೆ ತುಸು ತಿರುಗಿಸಿದೆ. ಕುಂಕುಮದ ಮೇಲೆ ಕುಂಕುಮ, ಮೂಗುತಿಯ ಮೇಲೆ ಮೂಗುತಿ ಕೂತಾಗ ಗಲ್ಲದ ಗೆರೆ ತಾನಾಗಿಯೇ ಸೇರಿತು. ಆಮೇಲೆ `Opacity` ಮತ್ತೆ 100ಕ್ಕೆ ಏರಿಸಿದೆ.

ಆ ಎರಡು ಫೋಟೋಗಳ ಮಧ್ಯೆ ಮೋಡ ಸರಿದು ಬಿಸಿಲು ಬಂದಿತ್ತು. ನಗುವ ಮುಖ ಕೆಂಪಾಗಿ ಬೆಚ್ಚಗಿತ್ತು. ಕಲರ್ ಪಿಕರ್‌ನಲ್ಲಿ `Sample average` ಹಾಕಿಕೊಂಡು ಎರಡೂ ಫೋಟೋದಲ್ಲಿ ಕೆನ್ನೆಯ ಅದೇ ಜಾಗ ಅಳೆದೆ. ಒಂದೇ ಚುಕ್ಕಿ ಅಳೆದರೆ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದೆ. ಕೆಂಪು ಜಾಸ್ತಿ, ಹಸಿರು ಸ್ವಲ್ಪ ಜಾಸ್ತಿ, ನೀಲಿ ಹೆಚ್ಚುಕಮ್ಮಿ ಅಷ್ಟೇ ಇತ್ತು. `Curves`ನಲ್ಲಿ ಕೆಂಪು ಗೆರೆಯನ್ನು ನಡುವೆ ಹಿಡಿದು ಕೆಳಗೆ ಎಳೆದೆ, ಹಸಿರನ್ನು ಒಂಚೂರು. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಈ ತಿದ್ದುಪಡಿ ಲೇಯರಿಗೆ ಅಂಟಿಕೊಂಡಿರುತ್ತದೆ, ನಾಳೆ ಬೇಕಾದರೂ ತೆರೆದು ಬದಲಾಯಿಸಬಹುದು. ಹಳೆ 2.10ರಲ್ಲಿ ಈ ಸುಖ ಇರಲಿಲ್ಲ.

ನನಗೆ ಗಿಂಪ್ ಇಷ್ಟವಾಗಿದ್ದೇ ಮಾಸ್ಕ್‌ನಿಂದ. ಮೇಲಿನ ಲೇಯರಿಗೆ ಕಪ್ಪು ಮಾಸ್ಕ್ ಹಾಕಿದರೆ ಇಡೀ ಲೇಯರ್ ಮಾಯ. ಮೆತ್ತನೆಯ ಬ್ರಶ್‌ನಿಂದ ಬಿಳಿ ಬಳಿದಷ್ಟು ಮುಖ ಮೇಲೆ ಬರುತ್ತದೆ. ಜಾಸ್ತಿ ಬಳಿದರೆ `X` ಒತ್ತಿ ಕಪ್ಪಿಗೆ ಬಂದು ಅಳಿಸು, ಮತ್ತೆ `X` ಒತ್ತಿ ಬಿಳಿ. ಏನೂ ಹಾಳಾಗೋದಿಲ್ಲ. ಎರಡು ಮುಖ ಸೇರುವ ಗೆರೆಯನ್ನು ಕೆನ್ನೆಯ ನಡುವೆ ಬಿಡಬಾರದು. ನಾನು ಮೇಲೆ ಕೂದಲಿನ ಒಳಗೆ ಒಯ್ದೆ, ಕೆಳಗೆ ಗಲ್ಲದ ನೆರಳಿನೊಳಗೆ ಇಳಿಸಿದೆ. ಅಲ್ಲಿ ಕಣ್ಣು ಗೆರೆ ಹುಡುಕೋದಿಲ್ಲ. ಮಲ್ಲಿಗೆ ದಂಡೆಯನ್ನು ಮುಟ್ಟಲಿಲ್ಲ, ಅದು ಹಳೆ ಫೋಟೋದ್ದೇ ಉಳಿಯಿತು. ಬಲಗೆನ್ನೆಯ ಪಕ್ಕದಲ್ಲಿ ಮಾತ್ರ ಬೇರೆ ದಾರಿ ಇರಲಿಲ್ಲ, ಗೆರೆ ಬರಿ ಚರ್ಮದ ಮೇಲೆ ಹಾದುಹೋಗಬೇಕಾಯಿತು.

ಆ ಗೆರೆಗೆ ಹೀಲ್ ಟೂಲ್ ಹಿಡಿದೆ. ನನ್ನ ತಾಳ್ಮೆ ಕೆಟ್ಟಿದ್ದು ಇಲ್ಲೇ. `Ctrl` ಹಿಡಿದು ಪಕ್ಕದ ಒಳ್ಳೆ ಚರ್ಮದ ಮೇಲೆ ಕ್ಲಿಕ್ ಮಾಡಿ, ಗೆರೆಯ ಮೇಲೆ ಬಳಿದರೆ ಕೆನ್ನೆಯಲ್ಲಿ ಅದ್ಭುತ. ಅದೇ ಬ್ರಶ್ ಕೂದಲಿನ ಅಂಚಿಗೆ ತಾಗಿದ ಕೂಡಲೇ ಹಣೆಯ ಪಕ್ಕ ಮಸಿ ಒರೆಸಿದ ಹಾಗೆ ಕಪ್ಪು. ಕುಂಕುಮದ ಹತ್ತಿರ ಹೋದರೆ ಕೆಂಪು ಹರಡಿ ಹಣೆ ಪೂರ್ತಿ ಗುಲಾಬಿ. ಮೂರು ರಾತ್ರಿ ಬ್ರಶ್ ಬದಲಾಯಿಸಿದೆ, ಅಳತೆ ಬದಲಾಯಿಸಿದೆ. ದೊಡ್ಡ ಬ್ರಶ್ ಹಿಡಿದರೆ ನನ್ನ ಲ್ಯಾಪ್‌ಟಾಪ್ ನಿಂತೇ ಬಿಡುತ್ತಿತ್ತು. ಈ ಟೂಲೇ ಕೆಟ್ಟದ್ದು ಅಂತ ತೀರ್ಮಾನ ಮಾಡಿದ್ದೆ.

ಅದು ಕೆಲಸ ಮಾಡುವ ಬಗೆ ತಿಳಿದಮೇಲೆ ಸಿಟ್ಟು ಇಳಿಯಿತು. ಕ್ಲೋನ್ ಟೂಲ್ ಇದ್ದದ್ದನ್ನು ಇದ್ದ ಹಾಗೆ ತಂದು ಹಾಕುತ್ತದೆ. ಹೀಲ್ ಹಾಗಲ್ಲ. ನಾವು ಆರಿಸಿದ ಜಾಗದಿಂದ ಚರ್ಮದ ನಯ, ರಂಧ್ರ, ಸುಕ್ಕು ಇಷ್ಟನ್ನು ತರುತ್ತದೆ. ಬಣ್ಣವನ್ನು ಮಾತ್ರ ಬ್ರಶ್ ಬಿದ್ದ ಜಾಗದ ಸುತ್ತಲಿನ ಅಂಚಿನಿಂದ ತೆಗೆದುಕೊಂಡು ಒಳಕ್ಕೆ ಹರಡುತ್ತದೆ. ಆ ಅಂಚಿನಲ್ಲಿ ಕೂದಲಿದ್ದರೆ ಕೂದಲಿನ ಕಪ್ಪು ಒಳಗೆ ಹರಿಯುತ್ತದೆ, ಕುಂಕುಮವಿದ್ದರೆ ಕೆಂಪು. ಅಂದರೆ ಬ್ರಶ್ಶಿನ ಸುತ್ತ ಎಲ್ಲ ಕಡೆ ಬರೀ ಚರ್ಮ ಇರಬೇಕು. ಈಗ ಕೂದಲಿಗೆ ಒಂದು ಬ್ರಶ್ ಅಗಲದಷ್ಟು ದೂರದಲ್ಲೇ ಹೀಲ್ ನಿಲ್ಲಿಸುತ್ತೇನೆ. ಉಳಿದ ಸಣ್ಣ ಪಟ್ಟಿಗೆ ಕ್ಲೋನ್, `Opacity` 40ರ ಸುಮಾರು, ಎರಡು ಮೂರು ಸಲ ತೆಳ್ಳಗೆ. ಕುಂಕುಮದ ಸುತ್ತ ಹೀಲ್ ಬೇಡವೇ ಬೇಡ, ಅಲ್ಲಿ ಮಾಸ್ಕ್ ಅಂಚನ್ನೇ ಸರಿಸಿದರೆ ಸಾಕು.

ಇನ್ನೊಂದು ತೊಡಕು. ಹೀಲ್ ಮಾಡಲು ಗೆರೆಯ ಎರಡೂ ಬದಿ ಒಂದೇ ಲೇಯರಿನಲ್ಲಿ ಬೇಕು. ಅದಕ್ಕೆ `New from Visible` ಮಾಡಿ, ಕಾಣುವುದನ್ನೆಲ್ಲ ಒಂದು ಹೊಸ ಲೇಯರ್ ಮಾಡಿಕೊಂಡು ಅದರ ಮೇಲೆ ತಿದ್ದುತ್ತೇನೆ. ಆದರೆ ಅದು ಎಲ್ಲಕ್ಕಿಂತ ಮೇಲೆ ಕೂತು ಕೆಳಗಿನ ಮಾಸ್ಕನ್ನು ಮುಚ್ಚಿಬಿಡುತ್ತದೆ, ಆಮೇಲೆ ಮಾಸ್ಕ್ ತಿದ್ದಿದರೆ ಏನೂ ಕಾಣೋದಿಲ್ಲ. ಹಾಗಾಗಿ ಹೀಲ್ ಮುಗಿದಮೇಲೆ ಈ ಲೇಯರಿಗೂ ಕಪ್ಪು ಮಾಸ್ಕ್ ಹಾಕಿ, ತಿದ್ದಿದ ಜಾಗದಲ್ಲಿ ಮಾತ್ರ ಬಿಳಿ ಬಳಿಯುತ್ತೇನೆ. ಬಳಿಯುವ ಮುಂಚೆ ಲೇಯರ್ ಪಟ್ಟಿಯಲ್ಲಿ ಚಿತ್ರ ಆರಿಸಿದೆಯೋ ಮಾಸ್ಕ್ ಆರಿಸಿದೆಯೋ ನೋಡಿಕೊಳ್ಳಿ. ಅದನ್ನು ಮರೆತು ಅಮ್ಮನ ಕೆನ್ನೆಗೇ ಬಿಳಿ ಬಳಿದಿದ್ದೇನೆ.

ಕೆಲಸ ಸರಿಯಾಯಿತೋ ಇಲ್ಲವೋ ತಿಳಿಯಲು `View` ಮೆನುವಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ನೋಡುತ್ತೇನೆ. ಗಂಟೆಗಟ್ಟಲೆ ನೋಡಿ ಒಗ್ಗಿದ ಕಣ್ಣಿಗೆ ಮುಖ ಹೊಸದಾಗುತ್ತದೆ, ಓರೆ ಇದ್ದರೆ ತಕ್ಷಣ ಗೊತ್ತಾಗುತ್ತದೆ.

ಎಲ್ಲ ಮುಖಕ್ಕೂ ಇದು ಆಗೋದಿಲ್ಲ. ಚಿಕ್ಕಪ್ಪನ ಇನ್ನೊಂದು ಫೋಟೋ ಪ್ರಯತ್ನಿಸಿದೆ. ಒಂದರಲ್ಲಿ ನೇರ ನೋಡುತ್ತಿದ್ದರು, ಇನ್ನೊಂದರಲ್ಲಿ ತಲೆ ತಿರುಗಿಸಿದ್ದರು, ಮೇಲೆ ಕನ್ನಡಕದಲ್ಲಿ ನೀರಿನ ಟ್ಯಾಂಕಿನ ಬಿಂಬ. ಬೆಳಕು ಬೇರೆ ಬದಿಯಿಂದ ಬಿದ್ದಿದ್ದರೆ, ತಲೆ ಬೇರೆ ಕೋನದಲ್ಲಿದ್ದರೆ ಯಾವ ಹೀಲೂ ಉಳಿಸೋದಿಲ್ಲ. ಅಲ್ಲಿಗೇ ಬಿಟ್ಟೆ.

ಅಮ್ಮನದು 8×12 ಪ್ರಿಂಟ್ ಹಾಕಿಸಿದೆ. ಅಮ್ಮ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಗಲ್ಲದ ಕೆಳಗೆ ಯಾಕೋ ಕರಿ ಕಾಣ್ತದಲ್ಲೋ" ಅಂದರು. ನಿಜ, ಸ್ಕ್ರೀನಿನಲ್ಲಿ ಕಾಣದ ನೆರಳು ಕಾಗದದ ಮೇಲೆ ದಟ್ಟವಾಗಿತ್ತು. ಲೇಯರ್, ಮಾಸ್ಕ್ ಎಲ್ಲ ಹಾಗೇ ಉಳಿಸುವ ಗಿಂಪ್‌ನ ಎಕ್ಸ್‌ಸಿಎಫ್ ಫೈಲ್ ಇಟ್ಟಿದ್ದೆ. ಅದನ್ನು ತೆರೆದು ಗಲ್ಲದ ಕೆಳಗೆ ಮಾಸ್ಕ್ ಮೇಲೆ ಎರಡು ಸಲ ಕಪ್ಪು ಎಳೆದೆ, ಹಳೆ ಫೋಟೋದ ಕತ್ತು ವಾಪಸ್ ಬಂತು. ಎರಡನೇ ಪ್ರಿಂಟ್ ಈಗ ದೇವರ ಕೋಣೆಯ ಬಾಗಿಲ ಪಕ್ಕದಲ್ಲಿದೆ.