ಬೋರ್ಡಿನ ಕನ್ನಡ ಅಕ್ಷರ: ಒಟ್ಟು ಎತ್ತರ ಸಮವೋ, ಮೈ ದೊಡ್ಡದೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ 10 ಅಡಿ ಅಗಲ, 3 ಅಡಿ ಎತ್ತರದ ಬೋರ್ಡ್ ಹಾಕಿಸುತ್ತೀರಿ ಎಂದುಕೊಳ್ಳಿ. ಹೆಸರಿನಲ್ಲಿ ‘ವಸ್ತ್ರ’ ಇದೆ. ಓದುವವರು 60 ಅಡಿ ದೂರದಲ್ಲಿದ್ದಾರೆ.

ಮೊದಲ ದಾರಿ, ಕನ್ನಡ, ಇಂಗ್ಲಿಷ್ ಎರಡಕ್ಕೂ ತಲಾ 8 ಇಂಚು ಒಟ್ಟು ಎತ್ತರ. ಇಂಗ್ಲಿಷ್ ದೊಡ್ಡಕ್ಷರ ಪೂರ್ತಿ 8 ಇಂಚು ತುಂಬುತ್ತದೆ. ‘ಸ್ತ್ರ’ದಲ್ಲಿ ಕೆಳಗಿನ ಒತ್ತುಗಳೇ ಜಾಗ ತಿನ್ನುತ್ತವೆ. ಅಕ್ಷರದ ಮೈಗೆ ಸುಮಾರು 5 ಇಂಚು ಉಳಿಯುತ್ತದೆ, ಅಷ್ಟೇ. ದೂರದಿಂದ ಒತ್ತು ಬರೀ ಕಪ್ಪು ಚುಕ್ಕೆ!

ಎರಡನೆಯದು, ಕನ್ನಡದ ಮೈಗೇ 8 ಇಂಚು, ಇಂಗ್ಲಿಷಿಗೆ 6. ಒತ್ತು ಸೇರಿ ಕನ್ನಡ 13 ಇಂಚಿನಷ್ಟಾಗುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಬೋರ್ಡಿನ ಶೇಕಡಾ 60 ಭಾಗ ಕನ್ನಡಕ್ಕೆ, ಅದೂ ಮೇಲ್ಭಾಗದಲ್ಲಿ. ಅಂದರೆ ಸುಮಾರು 21 ಇಂಚು ಸಿಗುತ್ತದೆ, ಸುತ್ತ ಖಾಲಿ ಜಾಗವೂ ಉಳಿಯುತ್ತದೆ. 60 ಅಡಿಗೆ 6 ಇಂಚಿನ ಇಂಗ್ಲಿಷ್ ಸಾಕು. ನಾನಾದರೆ ಇದನ್ನೇ ಆರಿಸುತ್ತೇನೆ.

ಹೆಸರು ಉದ್ದವಾದರೆ ಅಗಲ ಸಾಲದು. ಆಗ ಅಕ್ಷರ ಹಿಂಡಬೇಡಿ, ಒಳಗಿನ ಸಂದು ಮುಚ್ಚಿಹೋಗುತ್ತದೆ. ‘ಅಂಡ್ ಸನ್ಸ್’ ಥರದ ಮಾತನ್ನು ಚಿಕ್ಕದು ಮಾಡಿಸಿ.

ಬರೆಸುವ ಮೊದಲು ಡಿಸೈನನ್ನು ಹತ್ತನೇ ಒಂದು ಅಳತೆಗೆ ಪ್ರಿಂಟ್ ತೆಗೆದು 6 ಅಡಿ ದೂರದಿಂದ ನೋಡಿ. ‘ಸ್ತ್ರ’ ಬಿಡಿಬಿಡಿಯಾಗಿ ಕಾಣಬೇಕು.